ನೆಗೆಟಿವ್ ಮಾರ್ಕಿಂಗ್ ಪರೀಕ್ಷೆಗೆ ಅಧ್ಯಾಯದ ಸಾರಾಂಶ: ತುರ್ತು ಪರಿಸ್ಥಿತಿಯನ್ನೇ ತೆಗೆದುಕೊಂಡು ನೋಡೋಣ

ಪ್ರಶ್ನೆ: ಶಿವಮೊಗ್ಗದಲ್ಲಿ ರೂಮ್ ಮಾಡಿಕೊಂಡು ಕೆಎಎಸ್ ಪ್ರಿಲಿಮ್ಸ್‌ಗೆ ಓದ್ತಾ ಇದ್ದೀನಿ. ಸಂವಿಧಾನದ ಪ್ರತಿ ಅಧ್ಯಾಯಕ್ಕೂ ನಾಲ್ಕೈದು ಪುಟ ನೋಟ್ಸ್ ಮಾಡಿದೀನಿ. ಆದ್ರೂ ಮಾಕ್ ಟೆಸ್ಟ್‌ನಲ್ಲಿ ಎರಡು ಆಪ್ಷನ್ ನಡುವೆ ಸಿಕ್ಕಿಹಾಕಿಕೊಂಡು ತಪ್ಪನ್ನೇ ತುಂಬ್ತೀನಿ, ನೆಗೆಟಿವ್‌ನಲ್ಲಿ ಮಾರ್ಕ್ಸ್ ಹೋಗುತ್ತೆ. ನೋಟ್ಸ್ ಹೇಗೆ ಮಾಡಬೇಕು?

ನಿಮ್ಮ ನೋಟ್ಸ್ ಓದೋಕೆ ಚೆನ್ನಾಗಿರಬೇಕು ಅಂತ ನನ್ನ ಊಹೆ. ತೊಂದರೆ ಅಲ್ಲೇ ಇರೋದು. ಅಧ್ಯಾಯವನ್ನು ತಲೆಬರಹದ ಪ್ರಕಾರ ಚಿಕ್ಕದು ಮಾಡಿದರೆ ಒಂದೊಂದು ವಿಷಯವೂ ತನ್ನ ಮನೆಯಲ್ಲಿ ಅಚ್ಚುಕಟ್ಟಾಗಿ ಕೂತಿರುತ್ತದೆ. ಓದುವಾಗ ಎಲ್ಲಾ ಗೊತ್ತು ಅನ್ನಿಸುತ್ತದೆ. ಆದರೆ ಪ್ರಶ್ನೆ ಮಾಡುವವನು ಆ ಮನೆಯ ಸಾಮಾನನ್ನು ಈ ಮನೆಯಲ್ಲಿ ತಂದಿಟ್ಟು ಕೇಳುತ್ತಾನೆ, ಅಲ್ಲಿ ನಾವು ಬೀಳುತ್ತೇವೆ.

ನಾನು ಮೊದಲ ಸಲ ಪ್ರಿಲಿಮ್ಸ್ ಬರೆದಾಗ ಇದೇ ಆಯಿತು. ಒಂದು ಕೋಚಿಂಗ್ ಸೆಂಟರಿನ ಜೆರಾಕ್ಸ್ ನೋಟ್ಸ್ ಇತ್ತು, ಅದರಲ್ಲಿ ತುರ್ತು ಪರಿಸ್ಥಿತಿ ಅಧ್ಯಾಯದ ಮೇಲ್ಗಡೆಯೇ ‘ಎರಡು ತಿಂಗಳೊಳಗೆ ಸಂಸತ್ತಿನ ಒಪ್ಪಿಗೆ’ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದರು. ಯಾವ ತುರ್ತು ಪರಿಸ್ಥಿತಿಗೆ ಅಂತ ಬರೆದಿರಲಿಲ್ಲ. ಮೂರು ಸಲ ಓದಿದ್ದ ಅಧ್ಯಾಯ. ಧೈರ್ಯವಾಗಿ ತುಂಬಿದೆ, ಹೋಯಿತು. ಎರಡನೇ ಸಲ ಪ್ರಿಲಿಮ್ಸ್ ದಾಟಿದೆ, ಮೇನ್ಸ್ ಆಗಲಿಲ್ಲ. ಈಗ ಒಂದು ತಾಲೂಕು ಕಚೇರಿಯಲ್ಲಿ ಎಫ್‌ಡಿಎ. ಅಂದರೆ ರ್‍ಯಾಂಕ್ ಬಂದವನ ಮಾತಲ್ಲ ಇದು, ಪ್ರಿಲಿಮ್ಸ್‌ನಲ್ಲಿ ಏಟು ತಿಂದು ಕಲಿತವನ ಮಾತು.

ಮೊದಲು ಸ್ವಲ್ಪ ಲೆಕ್ಕ. ಪ್ರಶ್ನೆಗೆ 2 ಅಂಕ, ತಪ್ಪಿಗೆ ಅದರ ನಾಲ್ಕನೇ ಒಂದು, ಅಂದರೆ ಅರ್ಧ ಅಂಕ ಕಡಿತ ಅಂತ ಇಟ್ಟುಕೊಳ್ಳಿ. ಹತ್ತು ಪ್ರಶ್ನೆಗೆ ಕಣ್ಣು ಮುಚ್ಚಿ ತುಂಬಿದರೆ ಸರಾಸರಿ ಎರಡೂವರೆ ಸರಿಯಾಗುತ್ತದೆ, 5 ಅಂಕ ಬರುತ್ತದೆ, ಏಳೂವರೆ ತಪ್ಪಿಗೆ 3.75 ಹೋಗುತ್ತದೆ. ಇನ್ನೂ ಒಂದೂಕಾಲು ಅಂಕ ಉಳಿಯಿತು! ಹಾಗಾದರೆ ನಷ್ಟ ಎಲ್ಲಿಂದ ಬರುತ್ತದೆ? ಏನೂ ಗೊತ್ತಿಲ್ಲದ ಪ್ರಶ್ನೆಗಳಿಂದಲ್ಲ, ಅರ್ಧ ಗೊತ್ತಿರುವ ಪ್ರಶ್ನೆಗಳಿಂದ. ಅರ್ಧ ಗೊತ್ತಿದ್ದವನು ನಾಲ್ಕರಲ್ಲಿ ಒಂದನ್ನು ಸುಮ್ನೆ ಆರಿಸುವುದಿಲ್ಲ, ಎಲ್ಲೋ ಓದಿದ ಹಾಗಿದೆಯಲ್ಲ ಅನ್ನಿಸಿದ್ದನ್ನೇ ಆರಿಸುತ್ತಾನೆ. ಅವನಿಗೆ ಹಾಗೆ ಅನ್ನಿಸಲಿ ಅಂತಲೇ ಆ ಆಪ್ಷನ್ ಅಲ್ಲಿ ಇಟ್ಟಿರುತ್ತಾರೆ. ಹತ್ತರಲ್ಲಿ ಎರಡು ಸರಿಯಾದರೆ ಬಂದ 4 ಅಂಕ, ಹೋದ 4 ಅಂಕ, ಲೆಕ್ಕ ಚುಕ್ತಾ. ಅದಕ್ಕಿಂತ ಕಡಿಮೆಯಾದರೆ ಕೈಯಿಂದ ಹೋಗುತ್ತದೆ. ನನ್ನ ಮಾಕ್ ಟೆಸ್ಟ್ ಹಾಳೆಗಳನ್ನು ತೆಗೆದು ‘ಡೌಟ್ ಇತ್ತು, ಆದ್ರೂ ತುಂಬಿದೆ’ ಅನ್ನುವ 14 ಪ್ರಶ್ನೆ ಎಣಿಸಿದ್ದೆ, ಅದರಲ್ಲಿ ಸರಿಯಾದದ್ದು ಎರಡು. 4 ಬಂತು, 6 ಹೋಯಿತು. ಲಾಟರಿ ಹಾಕಿದ್ದರೇ ಚೆನ್ನಾಗಿತ್ತು ಅಲ್ವಾ? (ಕಡಿತ ಮೂರನೇ ಒಂದು ಇರುವ ಪರೀಕ್ಷೆಯಲ್ಲಿ ಲೆಕ್ಕ ಇನ್ನೂ ಬಿಗಿ, ಹತ್ತರಲ್ಲಿ ಎರಡೂವರೆ ಸರಿಯಾದರೆ ಮಾತ್ರ ಸಮ. ನಿಮ್ಮ ಅಧಿಸೂಚನೆಯಲ್ಲಿ ಎಷ್ಟಿದೆ ನೋಡಿಕೊಳ್ಳಿ.)

ಹಾಗಾಗಿ ಸಾರಾಂಶ ಮಾಡುವಾಗ ‘ಅಧ್ಯಾಯದಲ್ಲಿ ಏನೇನಿದೆ’ ಅಂತ ಕೇಳಿಕೊಳ್ಳಬೇಡಿ. ‘ಇದನ್ನು ಯಾವುದರ ಜೊತೆ ಅದಲು ಬದಲು ಮಾಡಿ ನನಗೆ ಟೋಪಿ ಹಾಕಬಹುದು’ ಅಂತ ಕೇಳಿಕೊಳ್ಳಿ. ಅಡಿಕೆ ಮಂಡಿ ನೋಡಿದ್ದರೆ ಇದು ಬೇಗ ಅರ್ಥವಾಗುತ್ತದೆ. ಹೊರಗಿನವರಿಗೆ ರಾಶಿ, ಬೆಟ್ಟೆ, ಗೊರಬಲು ಎಲ್ಲವೂ ಅಡಿಕೆಯೇ. ಮಂಡಿಯವರು ಒಂದೊಂದರ ವರ್ಣನೆ ಬಾಯಿಪಾಠ ಮಾಡಿ ಕಲಿತವರಲ್ಲ, ಎರಡನ್ನು ಒಂದೇ ಅಂಗೈಯಲ್ಲಿ ಇಟ್ಟುಕೊಂಡು ನೋಡಿ ನೋಡಿ ಕಲಿತವರು. ನೋಟ್ಸೂ ಹಾಗೇ ಇರಬೇಕು, ಒಂದು ಸಾಲಿನಲ್ಲಿ ಎರಡು.

ತುರ್ತು ಪರಿಸ್ಥಿತಿ ಅಧ್ಯಾಯವನ್ನೇ ತೆಗೆದುಕೊಳ್ಳೋಣ, ಅದಲು ಬದಲು ಮಾಡಲು ಇದಕ್ಕಿಂತ ಒಳ್ಳೆ ಅಧ್ಯಾಯ ಸಿಗಲ್ಲ. ಮೂರು ಅಣ್ಣತಮ್ಮಂದಿರು ಇದ್ದಾರೆ. 352ನೇ ವಿಧಿ ರಾಷ್ಟ್ರೀಯ ತುರ್ತು ಪರಿಸ್ಥಿತಿ, 356 ರಾಷ್ಟ್ರಪತಿ ಆಳ್ವಿಕೆ, 360 ಹಣಕಾಸು ತುರ್ತು ಪರಿಸ್ಥಿತಿ. ಮೂವರೂ ನೋಡಲು ಒಂದೇ ಥರ. ಮೂರನ್ನೂ ರಾಷ್ಟ್ರಪತಿ ಘೋಷಿಸುತ್ತಾರೆ, ಮೂರಕ್ಕೂ ಸಂಸತ್ತಿನ ಎರಡೂ ಸದನಗಳ ಒಪ್ಪಿಗೆ ಬೇಕು. ಒಂದೇ ಥರ ಇರುವುದನ್ನು ಒಂದು ಸಾಲಿನಲ್ಲಿ ಬರೆದು ಬಿಟ್ಟುಬಿಡಿ, ಅದರಿಂದ ಯಾರೂ ತಪ್ಪು ಮಾಡಲ್ಲ.

ಮೊದಲು ಒಂದು ರಫ್ ಹಾಳೆ ತೆಗೆದುಕೊಂಡು ಅಧ್ಯಾಯದಲ್ಲಿ ಬರುವ ಸಂಖ್ಯೆಗಳನ್ನು ಮಾತ್ರ ಬರೆಯಿರಿ. 14 ದಿನ, ಒಂದು ತಿಂಗಳು, ಎರಡು ತಿಂಗಳು, ಆರು ತಿಂಗಳು, ಒಂದು ವರ್ಷ, ಮೂರು ವರ್ಷ. ಈಗ ಈ ಪ್ರಶ್ನೆ ನೋಡಿ: ‘ರಾಷ್ಟ್ರೀಯ ತುರ್ತು ಪರಿಸ್ಥಿತಿಯ ಘೋಷಣೆಗೆ ಎಷ್ಟು ಅವಧಿಯೊಳಗೆ ಸಂಸತ್ತು ಒಪ್ಪಿಗೆ ಕೊಡಬೇಕು? 14 ದಿನ, ಒಂದು ತಿಂಗಳು, ಎರಡು ತಿಂಗಳು, ಆರು ತಿಂಗಳು.’ ನಾಲ್ಕೂ ಈ ಅಧ್ಯಾಯದವೇ, ಒಂದೂ ಹೊರಗಿಂದ ತಂದದ್ದಲ್ಲ. ಆದ್ದರಿಂದ ನಾಲ್ಕೂ ಪರಿಚಯದವರ ಥರ ಕಾಣುತ್ತವೆ. ಸರಿ ಉತ್ತರ ಒಂದು ತಿಂಗಳು. ಆದರೆ ಅದಷ್ಟನ್ನೇ ನೋಟ್ಸಿನಲ್ಲಿ ಬರೆದರೆ ಸಾಲದು. ಉಳಿದ ಮೂರಕ್ಕೂ ಅವುಗಳ ಮನೆ ತೋರಿಸಬೇಕು. ಎರಡು ತಿಂಗಳು 356 ಮತ್ತು 360ರದ್ದು. ಆರು ತಿಂಗಳು ಅಂದರೆ ಒಪ್ಪಿಗೆ ಸಿಕ್ಕ ಮೇಲೆ 352 ಆಗಲಿ 356 ಆಗಲಿ ಒಂದು ಸಲಕ್ಕೆ ನಡೆಯುವ ಅವಧಿ. 14 ದಿನ ಯಾವುದು ಅಂದರೆ, 352ರ ಘೋಷಣೆ ಬೇಡ ಅಂತ ಲೋಕಸಭೆಯ ಹತ್ತನೇ ಒಂದು ಭಾಗದಷ್ಟು ಸದಸ್ಯರು ಬರೆದುಕೊಟ್ಟರೆ ಅಷ್ಟರೊಳಗೆ ವಿಶೇಷ ಅಧಿವೇಶನ ಸೇರಬೇಕು, ಅದು. ತಪ್ಪು ಆಪ್ಷನ್ನಿನ ಮನೆ ಗೊತ್ತಿದ್ದರೆ ಅದನ್ನು ಹೊಡೆದು ಹಾಕಲು ಕೈ ನಡುಗಲ್ಲ.

ಕಾರಣವನ್ನೂ ಒಂದು ಸಾಲು ಬರೆದುಕೊಳ್ಳಿ. 352ಕ್ಕೂ ಮೊದಲು ಎರಡು ತಿಂಗಳೇ ಇತ್ತು. 1975ರ ತುರ್ತು ಪರಿಸ್ಥಿತಿಯ ಅನುಭವ ಆದ ಮೇಲೆ 1978ರ 44ನೇ ತಿದ್ದುಪಡಿ ಅದನ್ನು ಒಂದು ತಿಂಗಳಿಗೆ ಇಳಿಸಿತು. ಅದೇ ತಿದ್ದುಪಡಿಯಲ್ಲಿ ‘ಆಂತರಿಕ ಗಲಭೆ’ ಹೋಗಿ ‘ಸಶಸ್ತ್ರ ದಂಗೆ’ ಬಂತು, ಸಂಪುಟದ ಲಿಖಿತ ಶಿಫಾರಸು ಕಡ್ಡಾಯವಾಯಿತು, ಸರಳ ಬಹುಮತದ ಜಾಗಕ್ಕೆ ವಿಶೇಷ ಬಹುಮತ ಬಂತು, ಆರಾರು ತಿಂಗಳಿಗೊಮ್ಮೆ ಮತ್ತೆ ಒಪ್ಪಿಗೆ ತೆಗೆದುಕೊಳ್ಳಬೇಕು ಅಂತಾಯಿತು. ಇಷ್ಟನ್ನೂ ಬೇರೆ ಬೇರೆ ನೆನಪಿಡಬೇಕಾಗಿಲ್ಲ, ಎಲ್ಲವೂ ‘ಏಟು ತಿಂದ ಮೇಲೆ 352ರ ಬಾಗಿಲು ಬಿಗಿ ಮಾಡಿದರು’ ಅನ್ನುವ ಒಂದೇ ಕಥೆ. ಪರೀಕ್ಷೆಯಲ್ಲಿ ಮರೆತರೂ ಎರಡರಲ್ಲಿ ಬಿಗಿಯಾದದ್ದು ಯಾವುದೋ ಅದು 352ರದ್ದು ಅಂತ ಹೇಳಬಹುದು. ಇದು ಊಹೆಯೇ, ಆದರೆ ಕಾಲಿಗೆ ನೆಲ ಸಿಗುವ ಊಹೆ.

ಆದರೆ ಈ ಸೂತ್ರವೇ ನಿಮ್ಮನ್ನು ಬೀಳಿಸುವ ಒಂದು ಜಾಗ ಇದೆ, ನನ್ನನ್ನು ಅದೂ ಬೀಳಿಸಿದೆ. 352ರ ತುರ್ತು ಪರಿಸ್ಥಿತಿಗೆ ಒಪ್ಪಿಗೆ ಕೊಡಲು, ಮುಂದುವರಿಸಲು ವಿಶೇಷ ಬಹುಮತ ಬೇಕು: ಸದನದ ಒಟ್ಟು ಸದಸ್ಯರ ಬಹುಮತ, ಜೊತೆಗೆ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು. ತೆಗೆದು ಹಾಕಲು? ಲೋಕಸಭೆಯಲ್ಲಿ ಸರಳ ಬಹುಮತ ಸಾಕು. ರಾಜ್ಯಸಭೆಗೆ ಇದರಲ್ಲಿ ಕೆಲಸವೇ ಇಲ್ಲ. ಒಳಗೆ ಬರುವುದು ಕಷ್ಟ, ಹೊರಗೆ ಕಳಿಸುವುದು ಸುಲಭ. ‘ಎರಡೂ ಸದನಗಳು ವಿಶೇಷ ಬಹುಮತದಿಂದ ನಿರಾಕರಿಸಿದರೆ’ ಅಂತ ಹೇಳಿಕೆ ಕೊಟ್ಟರೆ ಕೇಳಲು ಗಂಭೀರವಾಗಿರುತ್ತದೆ, ಸರಿ ಇರಬೇಕು ಅನ್ನಿಸುತ್ತದೆ. ತಪ್ಪು. ಇನ್ನು 356ಕ್ಕೆ, ಲೋಕಸಭೆ ನಿರ್ಣಯ ಮಾಡಿ ತೆಗೆಸುವ ಈ ದಾರಿಯೇ ಇಲ್ಲ, ರಾಷ್ಟ್ರಪತಿಯೇ ಇನ್ನೊಂದು ಘೋಷಣೆ ಹೊರಡಿಸಿ ವಾಪಸ್ ಪಡೆಯಬೇಕು. ಇವೆರಡನ್ನು ಒಂದೇ ಸಾಲಿನಲ್ಲಿ ಬರೆಯಿರಿ.

356ರ ವಿಷಯಕ್ಕೆ ಬಂದರೆ ನಮ್ಮ ಜಿಲ್ಲೆಯವರಿಗೆ ಒಂದು ಅನುಕೂಲ ಇದೆ. 1990ರ ಅಕ್ಟೋಬರ್‌ನಲ್ಲಿ ವೀರೇಂದ್ರ ಪಾಟೀಲರು ಹೋಗಿ, ಒಂದು ವಾರ ರಾಷ್ಟ್ರಪತಿ ಆಳ್ವಿಕೆ ಇದ್ದು, ಆಮೇಲೆ ಸೊರಬದ ಬಂಗಾರಪ್ಪನವರು ಮುಖ್ಯಮಂತ್ರಿ ಆದರು. ಈ ಒಂದೇ ಘಟನೆಯಿಂದ ಎರಡು ವ್ಯತ್ಯಾಸ ಬಿಡಿಸಿಕೊಳ್ಳಬಹುದು. ಒಂದು, ಸಂಸತ್ತಿನ ಒಪ್ಪಿಗೆ ಬೇಕಿರುವುದು ಎರಡು ತಿಂಗಳು ದಾಟಿ ನಡೆಯಬೇಕಾದರೆ. ವಾರಕ್ಕೇ ಮುಗಿದದ್ದಕ್ಕೆ ಅದರ ಅಗತ್ಯವೇ ಬರಲ್ಲ. ‘ಸಂಸತ್ತಿನ ಒಪ್ಪಿಗೆ ಸಿಕ್ಕ ನಂತರವೇ ಜಾರಿಗೆ ಬರುತ್ತದೆ’ ಅನ್ನುವ ಹೇಳಿಕೆ ಹಾಗಾಗಿ ತಪ್ಪು, ಘೋಷಿಸಿದ ಕ್ಷಣದಿಂದಲೇ ಜಾರಿ. ಎರಡು, ಹೊಸ ಸರ್ಕಾರ ಬಂದದ್ದು ಚುನಾವಣೆ ನಡೆದು ಅಲ್ಲ, ಅದೇ ವಿಧಾನಸಭೆಯಿಂದ. ಅಂದರೆ ರಾಷ್ಟ್ರಪತಿ ಆಳ್ವಿಕೆ ಬಂದಾಕ್ಷಣ ವಿಧಾನಸಭೆ ವಿಸರ್ಜನೆ ಆಗಲೇಬೇಕು ಅಂತಿಲ್ಲ, ಅಮಾನತಿನಲ್ಲೂ ಇಡಬಹುದು. 2007ರಲ್ಲಿ ಎರಡೂ ಥರ ನೋಡಿದ್ದೇವೆ. ಅಕ್ಟೋಬರ್‌ನಲ್ಲಿ ಬಂದ ರಾಷ್ಟ್ರಪತಿ ಆಳ್ವಿಕೆ ತೆಗೆದು ನವೆಂಬರ್‌ನಲ್ಲಿ ಅದೇ ಸಭೆಯಿಂದ ಶಿಕಾರಿಪುರದ ಯಡಿಯೂರಪ್ಪನವರು ಮುಖ್ಯಮಂತ್ರಿಯಾದರು. ವಾರದಲ್ಲಿ ರಾಜೀನಾಮೆ ಕೊಟ್ಟರು, ಮತ್ತೆ ರಾಷ್ಟ್ರಪತಿ ಆಳ್ವಿಕೆ, ಈ ಸಲ ಸಭೆ ವಿಸರ್ಜನೆಯಾಗಿ 2008ರ ಮೇ ತಿಂಗಳಲ್ಲಿ ಚುನಾವಣೆ.

ಇದರ ಪಕ್ಕದಲ್ಲೇ ಬೊಮ್ಮಾಯಿ ಪ್ರಕರಣ ಬರೆದುಕೊಳ್ಳಿ. ಬೊಮ್ಮಾಯಿಯವರ ಸರ್ಕಾರ ವಜಾ ಆದದ್ದು 1989, ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 1994. ಈ ಎರಡು ಇಸವಿಗಳೇ ಒಂದು ಬಲೆ. ಸಂಸತ್ತು ಒಪ್ಪುವ ತನಕ ವಿಧಾನಸಭೆಯನ್ನು ಅಮಾನತಿನಲ್ಲಿ ಇಡಬಹುದು, ವಿಸರ್ಜಿಸುವ ಹಾಗಿಲ್ಲ ಅಂತ ಆ ತೀರ್ಪು ಹೇಳಿತು. ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು ಅಂತಲೂ ಹೇಳಿತು. ಬಹುಮತ ಇದೆಯೋ ಇಲ್ಲವೋ ಅನ್ನುವುದು ರಾಜ್ಯಪಾಲರ ಮನಸ್ಸಿನಲ್ಲಿ ಅಲ್ಲ, ಸದನದಲ್ಲಿ ಗೊತ್ತಾಗಬೇಕು.

ಅವಧಿಯ ವ್ಯತ್ಯಾಸವೂ ಇಲ್ಲೇ ಬರುತ್ತದೆ. 352 ಆರಾರು ತಿಂಗಳು ಒಪ್ಪಿಗೆ ಪಡೆಯುತ್ತಾ ಎಷ್ಟು ಕಾಲ ಬೇಕಾದರೂ ಹೋಗಬಹುದು, 356 ಮೂರು ವರ್ಷಕ್ಕೆ ನಿಲ್ಲುತ್ತದೆ. ಅದರಲ್ಲೂ ಒಂದು ವರ್ಷ ದಾಟಬೇಕಾದರೆ ಎರಡು ಷರತ್ತು: ದೇಶದಲ್ಲೋ ಆ ರಾಜ್ಯದಲ್ಲೋ ರಾಜ್ಯದ ಒಂದು ಭಾಗದಲ್ಲೋ ರಾಷ್ಟ್ರೀಯ ತುರ್ತು ಪರಿಸ್ಥಿತಿ ಇರಬೇಕು, ಮತ್ತು ಚುನಾವಣೆ ನಡೆಸುವುದು ಕಷ್ಟ ಅಂತ ಚುನಾವಣಾ ಆಯೋಗ ದೃಢೀಕರಿಸಬೇಕು. ನೋಟ್ಸಿನಲ್ಲಿ ‘ಮತ್ತು’ ಅನ್ನುವ ಪದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ. ಪ್ರಶ್ನೆಯಲ್ಲಿ ಅದು ‘ಅಥವಾ’ ಆಗಿರುತ್ತದೆ.

ಈಗ ಅಧ್ಯಾಯದ ಅತಿ ಕೆಟ್ಟ ಜೋಡಿ, 358 ಮತ್ತು 359. ಇವು ಮೂಲಭೂತ ಹಕ್ಕುಗಳ ಮೇಲೆ ರಾಷ್ಟ್ರೀಯ ತುರ್ತು ಪರಿಸ್ಥಿತಿಯ ಪರಿಣಾಮ ಹೇಳುವ ವಿಧಿಗಳು. ರಾಷ್ಟ್ರಪತಿ ಆಳ್ವಿಕೆಯಿಂದ ಮೂಲಭೂತ ಹಕ್ಕಿಗೆ ಇಂಥ ತೊಂದರೆ ಆಗಲ್ಲ, ಅದನ್ನು ಮೊದಲೇ ಹೊರಗಿಡಿ. 358 ತಾನಾಗಿಯೇ ಕೆಲಸ ಮಾಡುತ್ತದೆ, ಯಾರೂ ಆದೇಶ ಹೊರಡಿಸಬೇಕಾಗಿಲ್ಲ. ಮುಟ್ಟುವುದು 19ನೇ ವಿಧಿಯನ್ನು ಮಾತ್ರ. ಅದೂ ತುರ್ತು ಪರಿಸ್ಥಿತಿ ಯುದ್ಧ ಅಥವಾ ಬಾಹ್ಯ ಆಕ್ರಮಣದ ಕಾರಣಕ್ಕೆ ಬಂದಿದ್ದರೆ. ಸಶಸ್ತ್ರ ದಂಗೆಯ ಕಾರಣಕ್ಕೆ ಬಂದಿದ್ದರೆ 358 ಏಳುವುದೇ ಇಲ್ಲ, ಇದೂ 44ನೇ ತಿದ್ದುಪಡಿಯ ಕೆಲಸ. 359 ತಾನಾಗಿ ಏಳಲ್ಲ, ರಾಷ್ಟ್ರಪತಿ ಆದೇಶ ಬೇಕು. ಆದೇಶದಲ್ಲಿ ಯಾವ ಹಕ್ಕುಗಳ ಹೆಸರಿದೆಯೋ ಅವುಗಳಿಗಾಗಿ ಕೋರ್ಟಿಗೆ ಹೋಗುವ ದಾರಿ ಮುಚ್ಚುತ್ತದೆ. ಮೂರು ಕಾರಣಗಳಲ್ಲಿ ಯಾವುದಿದ್ದರೂ ನಡೆಯುತ್ತದೆ. ಆದರೆ 20 ಮತ್ತು 21ನೇ ವಿಧಿಗಳನ್ನು ಮುಟ್ಟುವ ಹಾಗಿಲ್ಲ.

ಇದರ ಮೇಲೆ ಹೇಳಿಕೆ ಪ್ರಶ್ನೆ ಹೇಗೆ ಮಾಡುತ್ತಾರೆ ನೋಡಿ. ನಾನೇ ಮಾಡಿದ್ದು ಇದು.

ಹೇಳಿಕೆ 1: ರಾಷ್ಟ್ರೀಯ ತುರ್ತು ಪರಿಸ್ಥಿತಿ ಘೋಷಣೆಯಾದಾಗಲೆಲ್ಲ 19ನೇ ವಿಧಿ ತಾನಾಗಿಯೇ ಅಮಾನತಾಗುತ್ತದೆ.
ಹೇಳಿಕೆ 2: 359ರ ಆದೇಶದಿಂದ 21ನೇ ವಿಧಿಯ ಜಾರಿಯನ್ನು ತಡೆಯಲಾಗದು.
ಹೇಳಿಕೆ 3: 359ರ ಅಡಿಯಲ್ಲಿ ಎಲ್ಲ ಮೂಲಭೂತ ಹಕ್ಕುಗಳೂ ತಾನಾಗಿಯೇ ಅಮಾನತಾಗುತ್ತವೆ.

ಮೂರನೆಯದನ್ನು ಬಹಳ ಜನ ಹೊಡೆದು ಹಾಕುತ್ತಾರೆ, ‘ಎಲ್ಲ’ ಅನ್ನುವ ಪದವೇ ಅನುಮಾನ ತರುತ್ತದೆ. ಎರಡು ಸರಿ. ಬೀಳುವುದು ಮೊದಲನೆಯದರಲ್ಲಿ. 19ನೇ ವಿಧಿ, ತಾನಾಗಿಯೇ, ರಾಷ್ಟ್ರೀಯ ತುರ್ತು ಪರಿಸ್ಥಿತಿ, ಮೂರೂ ಓದಿದ ಪದಗಳು, ಮೂರೂ ಒಟ್ಟಿಗೆ ಇವೆ, ತಲೆ ಹೂಂ ಅನ್ನುತ್ತದೆ. ತಪ್ಪಿರುವುದು ‘ಆದಾಗಲೆಲ್ಲ’ ಅನ್ನುವುದರಲ್ಲಿ, ಸಶಸ್ತ್ರ ದಂಗೆಯನ್ನು ಒಳಗೆ ಸೇರಿಸಿಬಿಟ್ಟಿತು. ನಿಮ್ಮ ನಾಲ್ಕೈದು ಪುಟದ ನೋಟ್ಸಿನಲ್ಲಿ ‘358: 19ನೇ ವಿಧಿ ತಾನಾಗಿಯೇ ಅಮಾನತು’ ಅಂತಷ್ಟೇ ಇದ್ದರೆ, ನಿಮ್ಮನ್ನು ಬೀಳಿಸಿದ್ದು ನಿಮ್ಮದೇ ನೋಟ್ಸು. ಚಿಕ್ಕದು ಮಾಡುವಾಗ ಎಲ್ಲರೂ ಮೊದಲು ಬಿಡುವುದು ಷರತ್ತನ್ನು, ಪ್ರಶ್ನೆ ಬರುವುದೂ ಷರತ್ತಿನ ಮೇಲೇ. ಉದಾಹರಣೆ ಬಿಡಿ, ವಿವರಣೆ ಬಿಡಿ, ‘ಮಾತ್ರ’, ‘ಹೊರತು’, ‘ಮತ್ತು’ ಇವುಗಳನ್ನು ಬಿಡಬೇಡಿ.

ಇನ್ನೊಂದು ಜೋಡಿ ಜನ ಅಷ್ಟಾಗಿ ಗಮನಿಸಲ್ಲ. 352 ಇದ್ದಾಗ ರಾಜ್ಯ ಪಟ್ಟಿಯ ವಿಷಯದ ಮೇಲೆ ಸಂಸತ್ತು ಕಾನೂನು ಮಾಡಿದರೆ, ತುರ್ತು ಪರಿಸ್ಥಿತಿ ಮುಗಿದು ಆರು ತಿಂಗಳಿಗೆ ಅದು ನಿಲ್ಲುತ್ತದೆ. ರಾಷ್ಟ್ರಪತಿ ಆಳ್ವಿಕೆಯಲ್ಲಿ ರಾಜ್ಯಕ್ಕಾಗಿ ಮಾಡಿದ ಕಾನೂನು ಆಳ್ವಿಕೆ ಮುಗಿದ ಮೇಲೂ ಉಳಿಯುತ್ತದೆ, ರಾಜ್ಯದ ಶಾಸಕಾಂಗ ಬದಲಿಸುವವರೆಗೆ. 352ರಲ್ಲಿ ರಾಜ್ಯ ಸರ್ಕಾರ, ವಿಧಾನಸಭೆ ಎರಡೂ ಇದ್ದೇ ಇರುತ್ತವೆ, ಸಂಸತ್ತು ಸ್ವಲ್ಪ ದಿನ ಅವರ ಜಾಗಕ್ಕೆ ಕೈ ಹಾಕಿದ್ದು ಅಷ್ಟೇ. ಹೀಗೆ ನೆನಪಿಟ್ಟರೆ ಗೊಂದಲ ಕಡಿಮೆ.

360ಕ್ಕೆ ಜಾಸ್ತಿ ಜಾಗ ಕೊಡಬೇಡಿ. ಎರಡು ತಿಂಗಳು, ಸರಳ ಬಹುಮತ, ಒಮ್ಮೆ ಒಪ್ಪಿದರೆ ಮತ್ತೆ ಮತ್ತೆ ಒಪ್ಪಿಗೆ ಬೇಡ, ಗರಿಷ್ಠ ಮಿತಿ ಇಲ್ಲ. ನ್ಯಾಯಾಧೀಶರ ಸಂಬಳವನ್ನೂ ಇಳಿಸಬಹುದು, ಸುಪ್ರೀಂ ಕೋರ್ಟ್ ಹೈಕೋರ್ಟ್ ಎರಡರದ್ದೂ. ಇದುವರೆಗೆ ಒಮ್ಮೆಯೂ ಘೋಷಣೆಯಾಗಿಲ್ಲ. 352 ಮೂರು ಸಲ: 1962, 1971, 1975. ಇಲ್ಲಿ ಒಂದು ಸಣ್ಣ ಬಲೆ, 1971ರದ್ದು ಮುಗಿದ ಮೇಲೆ 1975ರದ್ದು ಬಂತು ಅಂತ ಅನ್ನಿಸುತ್ತದೆ. ಇಲ್ಲ, ಎರಡೂ ಒಟ್ಟಿಗೆ ಇದ್ದವು, ಎರಡೂ ಹೋದದ್ದು 1977ರ ಮಾರ್ಚ್‌ನಲ್ಲೇ.

ಇಷ್ಟೆಲ್ಲ ಸೇರಿ ಒಂದು ಎ4 ಹಾಳೆಯ ಒಂದು ಮಗ್ಗುಲು. ನನ್ನದರಲ್ಲಿ ಸಾಲುಗಳು ಹೀಗಿದ್ದವು:

ಒಪ್ಪಿಗೆ: 352 ಒಂದು ತಿಂಗಳು, ವಿಶೇಷ | 356, 360 ಎರಡು ತಿಂಗಳು, ಸರಳ
ತೆಗೆಯಲು: 352 ಲೋಕಸಭೆ ಸರಳ ಬಹುಮತ ಅಥವಾ ರಾಷ್ಟ್ರಪತಿ | 356 ರಾಷ್ಟ್ರಪತಿ ಮಾತ್ರ
19ನೇ ವಿಧಿ ತಾನಾಗಿ: ಯುದ್ಧ, ಬಾಹ್ಯ ಆಕ್ರಮಣ ಮಾತ್ರ | ದಂಗೆ ಅಲ್ಲ
ಕಾನೂನು: 352 ಮುಗಿದು ಆರು ತಿಂಗಳು | 356 ರಾಜ್ಯ ಬದಲಿಸುವ ತನಕ

ಕೆಳಗೆ ಮೂರು ಬೆರಳು ಜಾಗ ಖಾಲಿ ಬಿಡಿ. ಮಾಕ್ ಟೆಸ್ಟ್‌ನಲ್ಲಿ ಈ ಅಧ್ಯಾಯದ ಪ್ರಶ್ನೆ ತಪ್ಪಿದಾಗಲೆಲ್ಲ ಸರಿ ಉತ್ತರ ಬರೆಯಬೇಡಿ, ‘ನಾನು ತುಂಬಿದ್ದು ಯಾವುದರ ಉತ್ತರ’ ಅಂತ ಬರೆಯಿರಿ. ಎರಡು ತಿಂಗಳು ತುಂಬಿದ್ದರೆ ‘ಇದು 356ರದ್ದು’ ಅಂತ. ಒಂದೇ ಜೋಡಿ ಎರಡು ಸಲ ಅಲ್ಲಿ ಬಂದರೆ ಮೇಲಿನ ಸಾಲು ಸರಿಯಾಗಿ ಬರೆದಿಲ್ಲ ಅಂತ ಅರ್ಥ, ಆ ಸಾಲನ್ನು ಬೇರೆ ಮಾತಿನಲ್ಲಿ ತಿದ್ದಿ.

ಹಾಳೆ ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು, ಮಾಕ್‌ನಲ್ಲಿ ಪ್ರಶ್ನೆ ಪತ್ರಿಕೆಯ ಮೇಲೆ (ಓಎಂಆರ್ ಮೇಲಲ್ಲ ಮತ್ತೆ!) ಡೌಟ್ ಇದ್ದೂ ತುಂಬಿದ್ದಕ್ಕೆ ಒಂದು ಚುಕ್ಕೆ ಇಡಿ. ಕೀ ಉತ್ತರ ಬಂದ ಮೇಲೆ ಚುಕ್ಕೆಯವನ್ನು ಬೇರೆ ಎಣಿಸಿ. ನನಗೆ 14ಕ್ಕೆ 2 ಇದ್ದದ್ದು ಎರಡನೇ ಪ್ರಯತ್ನದ ಹೊತ್ತಿಗೆ ಹತ್ತಕ್ಕೆ ಐದಾರು ಆಗುತ್ತಿತ್ತು. ಎರಡರ ನಡುವೆ ನಿಂತಾಗ ಇನ್ನೊಂದು ಆಪ್ಷನ್ ಯಾವ ವಿಧಿಯದ್ದು ಅಂತ ಬಾಯಿಬಿಟ್ಟು ಹೇಳಲು ಆದರೆ ತುಂಬುತ್ತಿದ್ದೆ. ಹೇಳಲು ಆಗದೆ ‘ಎಲ್ಲೋ ಓದಿದ ಹಾಗಿದೆ’ ಅನ್ನಿಸಿದರೆ ಮಾತ್ರ ಬಿಡುತ್ತಿದ್ದೆ.

ಎಲ್ಲ ಅಧ್ಯಾಯಕ್ಕೂ ಹೀಗೆ ಮಾಡಲು ಹೋಗಬೇಡಿ, ಪ್ರಚಲಿತ ವಿದ್ಯಮಾನಕ್ಕಂತೂ ಇದು ಆಗಿಬರಲ್ಲ, ಅಲ್ಲಿ ಅಣ್ಣತಮ್ಮಂದಿರೇ ಇರಲ್ಲ. ಸಂವಿಧಾನದಲ್ಲಿ ಮುಂದೆ ರಾಜ್ಯಸಭೆ ಮತ್ತು ವಿಧಾನ ಪರಿಷತ್ತು ಹಿಡಿಯಿರಿ, ರಾಷ್ಟ್ರಪತಿ ಮತ್ತು ರಾಜ್ಯಪಾಲರ ಕ್ಷಮಾದಾನ ಹಿಡಿಯಿರಿ. ಆ ಹಾಳೆಗಳನ್ನು ನೀವೇ ಬರೆದು ಇಲ್ಲಿ ಹಾಕಿದರೆ ಯಾವ ಷರತ್ತು ಬಿಟ್ಟಿದ್ದೀರಿ ಅಂತ ನೋಡಿ ಹೇಳುತ್ತೇನೆ, ಭಾನುವಾರ ಬಿಡುವಿರುತ್ತದೆ. ಮಳೆ ಜೋರಾಗಿ ಕರೆಂಟ್ ಹೋದರೆ ಸೋಮವಾರ.